ಒಂದೇ ಫಂಡ್, ಎರಡು ಬೆಲೆ: ಒಂದು ಪರ್ಸೆಂಟ್ ನನ್ನಿಂದ 45 ಲಕ್ಷ ಕಸಿಯೋದು ಹೇಗೆ

ಕಳೆದ ವರ್ಷ ಜನವರಿಯಲ್ಲಿ, ಅಂದ್ರೆ 2025ರ ಮೊದಲ ವಾರ, ಆಫೀಸ್ ಕ್ಯಾಂಟೀನ್‌ನಲ್ಲಿ ಊಟ ಮಾಡ್ತಾ ನಾನೂ ನನ್ನ ಟೀಮಿನ ಇನ್ನೊಬ್ಬನೂ ಫೋನ್ ತೆಗೆದು ಕೂತಿದ್ವಿ. ಇಬ್ಬರದ್ದೂ ಒಂದೇ ಮ್ಯೂಚುವಲ್ ಫಂಡ್ ಅಂತ ಆವತ್ತೇ ಗೊತ್ತಾಗಿದ್ದು. "ಎನ್ಎವಿ ಎಷ್ಟಿದೆ ನೋಡು" ಅಂದ. ನನ್ನ ಆ್ಯಪ್‌ನಲ್ಲಿ 84.20 ರೂಪಾಯಿ. ಅವನದ್ದರಲ್ಲಿ 94.60. ಅದೇ ಫಂಡ್, ಅದೇ ದಿನ, ಅದೇ ಫಂಡ್ ಮ್ಯಾನೇಜರ್.

ನಮ್ಮ ವೃತ್ತಿಯವರಿಗೆ ಮೊದಲು ಹೊಳೆಯೋದು ಒಂದೇ. "ಯಾವುದೋ ಆ್ಯಪ್‌ನಲ್ಲಿ ಬಗ್ ಇದೆ ಕಣೋ" ಅಂದೆ. ಇಬ್ಬರೂ ಆ್ಯಪ್ ಮುಚ್ಚಿ ತೆಗೆದು ನೋಡಿದ್ವಿ. ಅದೇ ಸಂಖ್ಯೆ. ಆಮೇಲೆ ಅವನು ನನ್ನ ಫೋನ್ ಇಸ್ಕೊಂಡು ಫಂಡ್ ಹೆಸರನ್ನು ಪೂರ್ತಿ ಓದಿದ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "Regular Plan - Growth" ಅಂತಿತ್ತು. ಅವನದ್ದರಲ್ಲಿ "Direct Plan - Growth". ಏಳು ವರ್ಷದಿಂದ ಪ್ರತಿ ತಿಂಗಳು ಐದು ಸಾವಿರ ಹಾಕ್ತಿದ್ದೆ, ಆ ಒಂದು ಪದ ಓದಿರಲಿಲ್ಲ.

ನಾನು ಎಸ್ಐಪಿ ಶುರು ಮಾಡಿದ್ದು 2018ರಲ್ಲಿ, ಮೊದಲ ಕೆಲಸ ಸಿಕ್ಕ ಹೊಸದರಲ್ಲಿ. ಸಂಬಳದ ಅಕೌಂಟ್ ಇದ್ದ ಬ್ಯಾಂಕಿನಿಂದ ಒಬ್ಬರು ಬಂದು, ಟ್ಯಾಬ್‌ನಲ್ಲಿ ನಾಲ್ಕು ಕಡೆ ಒಟಿಪಿ ಹಾಕಿಸಿಕೊಂಡು ಹೋದರು. ಎರಡು ಥರದ ಪ್ಲಾನ್ ಇದೆ ಅಂತ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. 2013ರ ಜನವರಿ 1ರಿಂದಲೇ ಸೆಬಿ ನಿಯಮದ ಪ್ರಕಾರ ಪ್ರತಿ ಫಂಡ್‌ಗೂ ಡೈರೆಕ್ಟ್ ಪ್ಲಾನ್ ಇರಲೇಬೇಕು. ಎರಡರ ಹಣವೂ ಒಂದೇ ಹುಂಡಿಗೆ ಹೋಗುತ್ತೆ, ಅದೇ ಷೇರುಗಳನ್ನೇ ಕೊಳ್ಳುತ್ತೆ. ವ್ಯತ್ಯಾಸ ಒಂದೇ: ರೆಗ್ಯುಲರ್‌ನಲ್ಲಿ ಮಾರಿಕೊಟ್ಟವರಿಗೆ ಕಮಿಷನ್ ಹೋಗುತ್ತೆ. ಒಂದು ಸಲ ಅಲ್ಲ, ನೀವು ಫಂಡ್‌ನಲ್ಲಿ ಇರೋವರೆಗೂ ಪ್ರತಿ ವರ್ಷ. ಹಾಗಾಗಿ ಅದರ ವಾರ್ಷಿಕ ಖರ್ಚು, ಅಂದ್ರೆ ಎಕ್ಸ್‌ಪೆನ್ಸ್ ರೇಶಿಯೋ, ಜಾಸ್ತಿ. ನನ್ನ ಫಂಡ್‌ನಲ್ಲಿ ಆಗ ರೆಗ್ಯುಲರ್‌ಗೆ 1.8%, ಡೈರೆಕ್ಟ್‌ಗೆ 0.8% ಇತ್ತು.

ದೀಪಾವಳಿಗೆ ಊರಿಗೆ ಹೋದಾಗ ಇದನ್ನೇ ಭಾವನ ಹತ್ತಿರ ಹೇಳಿದೆ. ಅವರು ನಕ್ಕರು. "ಒಂದು ಪರ್ಸೆಂಟ್ ಅಲ್ವೇನಯ್ಯಾ? ಅಂಗಡಿಯಲ್ಲಿ ನೂರು ರೂಪಾಯಿಗೆ ಒಂದು ರೂಪಾಯಿ ಚಿಲ್ಲರೆ ಇಲ್ಲ ಅಂದ್ರೆ ಚಾಕಲೇಟ್ ಇಸ್ಕೊಂಡು ಬರ್ತೀವಿ. ಅದಕ್ಕೆ ಇಷ್ಟು ತಲೆ ಕೆಡಿಸ್ಕೋತೀಯಾ?"

ಭಾವ ಹೇಳಿದ್ದು ತಪ್ಪು ಅಂತ ನನಗೆ ಅನ್ನಿಸಿತ್ತು, ಆದರೆ ಎಷ್ಟು ತಪ್ಪು ಅಂತ ಗೊತ್ತಿರಲಿಲ್ಲ. ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ.

ಮೊದಲು ಈ ದುಡ್ಡು ಹೇಗೆ ಹೋಗುತ್ತೆ ನೋಡಿ. ಯಾರೂ ನಿಮಗೆ ಬಿಲ್ ಕಳಿಸಲ್ಲ. ಬ್ಯಾಂಕಿನಿಂದ ಕಡಿತದ ಮೆಸೇಜ್ ಬರಲ್ಲ. ವಾರ್ಷಿಕ ದರವನ್ನು 365ರಿಂದ ಭಾಗಿಸಿ, ಅಷ್ಟನ್ನು ಪ್ರತಿ ದಿನ ಫಂಡ್‌ನ ಒಟ್ಟು ಆಸ್ತಿಯಿಂದ ತೆಗೆದು, ಉಳಿದದ್ದನ್ನು ಎನ್ಎವಿ ಅಂತ ಪ್ರಕಟಿಸ್ತಾರೆ. ನನ್ನ ಅಕೌಂಟ್‌ನಲ್ಲಿ ಆಗ ಸುಮಾರು 6 ಲಕ್ಷ ಇತ್ತು. 1.8% ಅಂದ್ರೆ ದಿನಕ್ಕೆ 29 ರೂಪಾಯಿ 59 ಪೈಸೆ. ಡೈರೆಕ್ಟ್‌ನಲ್ಲಿ ಇದ್ದಿದ್ರೆ 13 ರೂಪಾಯಿ 15 ಪೈಸೆ. ವ್ಯತ್ಯಾಸ ದಿನಕ್ಕೆ ಹದಿನಾರೂವರೆ ರೂಪಾಯಿ, ದರ್ಶಿನಿಯ ಒಂದು ಕಾಫಿಗೂ ಸಾಲದು. ಮಾರುಕಟ್ಟೆ ಒಂದು ದಿನಕ್ಕೆ ಅರ್ಧ ಪರ್ಸೆಂಟ್ ಆಚೀಚೆ ಆದ್ರೇ ನನ್ನ ಆರು ಲಕ್ಷದಲ್ಲಿ ಮೂರು ಸಾವಿರ ಏರಿಳಿಯುತ್ತೆ. ಆ ಗದ್ದಲದಲ್ಲಿ ಹದಿನಾರು ರೂಪಾಯಿ ಯಾರಿಗೆ ಕಾಣುತ್ತೆ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನೂ ಇದರಲ್ಲಿ ಎಡವಿದ್ದೆ. ಆ್ಯಪ್‌ನಲ್ಲಿ ತೋರಿಸುವ ಐದು ವರ್ಷದ, ಹತ್ತು ವರ್ಷದ ರಿಟರ್ನ್ ಖರ್ಚು ಕಳೆದ ಮೇಲಿನದ್ದು. ಅದರಿಂದ ಮತ್ತೆ 1.8 ಕಳೆಯಬೇಡಿ.

ಈಗ ಲೆಕ್ಕ. ನನಗೆ ಮೂವತ್ತು. ಅರವತ್ತರವರೆಗೆ ತಿಂಗಳಿಗೆ 10,000 ಹಾಕ್ತೀನಿ ಅಂದುಕೊಳ್ಳಿ. ಡೈರೆಕ್ಟ್ ಪ್ಲಾನ್ ಖರ್ಚು ಕಳೆದು ವರ್ಷಕ್ಕೆ 11% ಬೆಳೆಯುತ್ತೆ ಅಂತ ಇಟ್ಕೊಳ್ಳೋಣ. ಹಾಗಾದರೆ ಅದೇ ಫಂಡ್‌ನ ರೆಗ್ಯುಲರ್ ಸುಮಾರು 10% ಬೆಳೆಯುತ್ತೆ. ಹನ್ನೊಂದು ಅನ್ನೋದು ನನ್ನ ಊಹೆ, ಮಾರುಕಟ್ಟೆ ಏನು ಕೊಡುತ್ತೋ ಯಾರಿಗೂ ಗೊತ್ತಿಲ್ಲ. ಎರಡರ ನಡುವಿನ ಒಂದು ಮಾತ್ರ ಊಹೆ ಅಲ್ಲ, ಅದು ಫಂಡ್‌ನವರೇ ಬರೆದಿರೋದು.

```python
def sip(kantu, varsha, dara):
    i = (1 + dara) ** (1/12) - 1
    motta = 0
    for _ in range(varsha * 12):
        motta = (motta + kantu) * (1 + i)
    return round(motta)

print(sip(10000, 30, 0.11))
print(sip(10000, 30, 0.10))
```

ಮೊದಲನೆಯದು ಸುಮಾರು 2 ಕೋಟಿ 53 ಲಕ್ಷ. ಎರಡನೆಯದು 2 ಕೋಟಿ 8 ಲಕ್ಷ. ವ್ಯತ್ಯಾಸ 45 ಲಕ್ಷಕ್ಕೆ ಸ್ವಲ್ಪ ಕಮ್ಮಿ. ಮೂವತ್ತು ವರ್ಷದಲ್ಲಿ ನಾನು ಜೇಬಿನಿಂದ ಹಾಕಿದ್ದು 36 ಲಕ್ಷ. ನಾನು ಜೀವಮಾನವಿಡೀ ಹಾಕಿದ್ದಕ್ಕಿಂತ ಹೆಚ್ಚು ಹಣ ಆ "ಒಂದು ಪರ್ಸೆಂಟ್"ನಲ್ಲಿ ಹೋಯ್ತು. ಕೋಡ್ ತಪ್ಪಿರಬೇಕು ಅಂತ ಇನ್ನೊಂದು ಸಲ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿದೆ. ಅಷ್ಟೇ ಬಂತು. (ನೀವು ಯಾವುದಾದರೂ ಆನ್‌ಲೈನ್ ಕ್ಯಾಲ್ಕುಲೇಟರ್‌ನಲ್ಲಿ 11 ಹಾಕಿದ್ರೆ 2 ಕೋಟಿ 83 ಲಕ್ಷ ಬರಬಹುದು. ಅವುಗಳಲ್ಲಿ ಹಲವು ವಾರ್ಷಿಕ ದರವನ್ನು ಸುಮ್ಮನೆ 12ರಿಂದ ಭಾಗಿಸ್ತವೆ, ಹಾಗೆ ಮಾಡಿದರೆ ವರ್ಷಕ್ಕೆ 11ಕ್ಕಿಂತ ಹೆಚ್ಚೇ ಆಗುತ್ತೆ. ನೋಡೋಕೆ ಚೆನ್ನಾಗಿರುತ್ತೆ ಅಷ್ಟೇ.)

ಬೆಳಿಗ್ಗೆ ಭಾವನಿಗೆ ಸ್ಕ್ರೀನ್ ತೋರಿಸಿದೆ. ಅವರು ಬ್ಯಾಂಕಿಂಗ್ ಪರೀಕ್ಷೆಗೆ ಓದಿದವರು, ಸುಮ್ಮನೆ ಬಿಡಲಿಲ್ಲ. "ನೂರಕ್ಕೆ ಒಂದು ಅಂದ್ರೆ 2 ಕೋಟಿಗೆ 2 ಲಕ್ಷ ಆಗಬೇಕು. 45 ಎಲ್ಲಿಂದ ಬಂತು?" ಅಂದರು.

ಎಲ್ಲರೂ ಎಡವೋದು ಈ ಪ್ರಶ್ನೆಯಲ್ಲೇ. ಅಂಗಡಿಯಲ್ಲಿ ಒಂದು ಪರ್ಸೆಂಟ್ ಅಂದ್ರೆ ಒಂದು ಸಲ. ಇಲ್ಲಿ ಅದು ಪ್ರತಿ ವರ್ಷ, ಅದೂ ಆ ವರ್ಷದ ಲಾಭದ ಮೇಲಲ್ಲ, ಇದ್ದಬದ್ದ ಪೂರ್ತಿ ಮೊತ್ತದ ಮೇಲೆ. ಈ ತಿಂಗಳು ಹಾಕಿದ ಹತ್ತು ಸಾವಿರದ ಮೇಲೆ ಮೂವತ್ತು ಸಲ ಕಡಿತ ಆಗುತ್ತೆ. ನಷ್ಟ ಆದ ವರ್ಷವೂ ಆಗುತ್ತೆ. 11ರಲ್ಲಿ 1 ಹೋದರೆ ನೂರಕ್ಕೆ ಒಂದು ಹೋಗಿದ್ದಲ್ಲ, ಆ ವರ್ಷದ ಬೆಳವಣಿಗೆಯಲ್ಲಿ ಹನ್ನೊಂದರಲ್ಲಿ ಒಂದು ಪಾಲು ಹೋಗಿದ್ದು.

ಒಂದೇ ಸಲ ಒಂದು ಲಕ್ಷ ಹಾಕಿ ಮೂವತ್ತು ವರ್ಷ ಮರೆತುಬಿಟ್ಟರೆ ಲೆಕ್ಕ ಇನ್ನೂ ಸ್ಪಷ್ಟ. ಪ್ರತಿ ವರ್ಷ 99% ಉಳಿಯುತ್ತೆ. 0.99ನ್ನು ಮೂವತ್ತು ಸಲ ಗುಣಿಸಿದರೆ 0.74. ಅಂದ್ರೆ ಕೊನೆಯ ಮೊತ್ತದಲ್ಲಿ 26% ಇಲ್ಲ. 2% ಖರ್ಚಾದರೆ 45% ಇಲ್ಲ, ಹತ್ತಿರ ಹತ್ತಿರ ಅರ್ಧ. ಇದರಲ್ಲಿ ನನಗೆ ಆಶ್ಚರ್ಯ ಆಗಿದ್ದು, ಮಾರುಕಟ್ಟೆ ಎಷ್ಟು ಕೊಟ್ಟಿತು ಅನ್ನೋದು ಈ ಗುಣಾಕಾರದಲ್ಲಿ ಬರೋದೇ ಇಲ್ಲ. 8% ಬೆಳೆದರೂ 15% ಬೆಳೆದರೂ ಹೋಗುವ ಪಾಲು ಅದೇ. ಎಸ್ಐಪಿಯಲ್ಲಿ ಕೊನೆಯ ಕಂತುಗಳು ಕಡಿಮೆ ವರ್ಷ ಇರುತ್ತವೆ, ಹಾಗಾಗಿ ನನ್ನ ಲೆಕ್ಕದಲ್ಲಿ ಹೋಗಿದ್ದು ಸುಮಾರು 18%.

ಇನ್ನೊಂದು ವಿಷಯ ಭಾವನ ಪ್ರಶ್ನೆಯಿಂದಲೇ ಹೊಳೀತು. ಮೂವತ್ತು ವರ್ಷದಲ್ಲಿ ಆ ಹೆಚ್ಚುವರಿ ಒಂದು ಪರ್ಸೆಂಟ್ ಆಗಿ ನಿಜಕ್ಕೂ ಕಡಿತವಾದ ರೂಪಾಯಿಗಳನ್ನೆಲ್ಲ ಕೂಡಿದರೆ ಸುಮಾರು 18 ಲಕ್ಷ ಮಾತ್ರ. ಹಾಗಾದರೆ ಉಳಿದ 27 ಲಕ್ಷ? ಅದನ್ನು ಯಾರೂ ತಗೊಂಡಿಲ್ಲ. ಆ 18 ಲಕ್ಷ ನನ್ನ ಹತ್ತಿರವೇ ಉಳಿದಿದ್ದರೆ ಬೆಳೆದು ಕೊಡಬೇಕಿದ್ದ ಹಣ ಅದು. ತೋಟದಿಂದ ವರ್ಷಕ್ಕೆ ಒಂದಿಷ್ಟು ಸಸಿ ಕಿತ್ತುಕೊಂಡು ಹೋದವನು ತಗೊಂಡಿದ್ದು ಸಸಿ ಮಾತ್ರ, ಆದರೆ ಕಳಕೊಂಡವನಿಗೆ ಹೋಗಿದ್ದು ಮರ ಮತ್ತು ಅದರ ಫಸಲು.

ಇದು ಯಾಕೆ ಯಾರಿಗೂ ಕಾಣಲ್ಲ ಅನ್ನೋದಕ್ಕೆ ಕಾರಣ ವರ್ಷಗಳಲ್ಲಿದೆ. ಅದೇ ಹತ್ತು ಸಾವಿರದ ಎಸ್ಐಪಿಯಲ್ಲಿ ಐದು ವರ್ಷ ಆದಾಗ ಎರಡರ ವ್ಯತ್ಯಾಸ ಬರೀ 19,000 ಚಿಲ್ಲರೆ. ಹತ್ತು ವರ್ಷಕ್ಕೆ 1 ಲಕ್ಷ 10 ಸಾವಿರ. ಇಪ್ಪತ್ತಕ್ಕೆ 9 ಲಕ್ಷ. ಇಪ್ಪತ್ತೈದಕ್ಕೆ 21 ಲಕ್ಷ. ಮೂವತ್ತಕ್ಕೆ 45. ಕೊನೆಯ ಐದೇ ವರ್ಷದಲ್ಲಿ ಅದು ದುಪ್ಪಟ್ಟಾಗುತ್ತೆ. ದಿನಕ್ಕೆ ಹದಿನಾರು ರೂಪಾಯಿ ಇದ್ದದ್ದು, ಮೊತ್ತ 2 ಕೋಟಿ ಆದಾಗ ದಿನಕ್ಕೆ 548 ರೂಪಾಯಿ. ನಮ್ಮ ವಯಸ್ಸಿನವರು ಐದನೇ ವರ್ಷದಲ್ಲಿ ನಿಂತು ನೋಡ್ತಾ "ಅಯ್ಯೋ ಹತ್ತೊಂಬತ್ತು ಸಾವಿರ ತಾನೆ" ಅಂದ್ಕೋತೀವಿ.

ನಿಮ್ಮ ಫಂಡ್‌ನಲ್ಲಿ ಇದು ನಿಜಕ್ಕೂ ಆಗಿದೆಯಾ ಅಂತ ನೋಡೋಕೆ ಯಾವ ಊಹೆಯೂ ಬೇಡ. ಕ್ಯಾಂಟೀನ್‌ನಲ್ಲಿ ನಾವು ಕಂಡ ಆ ಎರಡು ಎನ್ಎವಿಗಳೇ ಸಾಕು. 2013ಕ್ಕಿಂತ ಹಳೆಯ ಫಂಡ್ ಆದರೆ ಡೈರೆಕ್ಟ್ ಪ್ಲಾನ್ ಶುರುವಾದಾಗ ಎರಡರ ಎನ್ಎವಿ ಹೆಚ್ಚುಕಮ್ಮಿ ಒಂದೇ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಬೇರೆಯಾಗಿದ್ದರೆ ಅದಕ್ಕೆ ಖರ್ಚು ಬಿಟ್ಟು ಬೇರೆ ಕಾರಣ ಇಲ್ಲ. 94.60ನ್ನು 84.20ರಿಂದ ಭಾಗಿಸಿದರೆ 1.1235. ಹನ್ನೆರಡು ವರ್ಷಕ್ಕೆ ಅದರ ವಾರ್ಷಿಕ ದರ:

```
(94.60 / 84.20) ** (1/12) - 1  =  0.0098
```

ವರ್ಷಕ್ಕೆ 0.98%. ಬರೆದಿದ್ದ ವ್ಯತ್ಯಾಸ ಒಂದು, ಇತಿಹಾಸದಲ್ಲಿ ಹೋಗಿದ್ದೂ ಹತ್ತಿರ ಹತ್ತಿರ ಒಂದು. ಇದನ್ನು ಗ್ರೋತ್ ಆಯ್ಕೆಯಲ್ಲಿ ಮಾತ್ರ ಮಾಡಿ. ಮಧ್ಯೆ ಮಧ್ಯೆ ಹಣ ಹಂಚುವ ಆಯ್ಕೆಯಲ್ಲಿ ಎನ್ಎವಿ ಅದಕ್ಕೇ ಇಳಿದಿರುತ್ತೆ, ಲೆಕ್ಕ ಕೆಡುತ್ತೆ. ಮತ್ತೆ, ಡೈರೆಕ್ಟ್‌ನ ಎನ್ಎವಿ ಹೆಚ್ಚು ಅಂದ್ರೆ ದುಬಾರಿ ಅಂತಲ್ಲ. ಯೂನಿಟ್ ಕಮ್ಮಿ ಸಿಗುತ್ತೆ ಅಷ್ಟೇ, ಹಾಕಿದ ಹಣದ ಬೆಲೆ ಅಷ್ಟೇ ಇರುತ್ತೆ.

ಬೇರೆ ಬೇರೆ ಫಂಡ್‌ಗಳ ನಡುವೆ ಈ ಲೆಕ್ಕ ಇಷ್ಟು ಶುದ್ಧವಾಗಿ ನಡೆಯಲ್ಲ. ಒಂದು 0.6% ತಗೊಂಡು ಕೆಟ್ಟದಾಗಿ ನಡೆಸಬಹುದು, ಇನ್ನೊಂದು 1% ತಗೊಂಡು ಚೆನ್ನಾಗಿ ನಡೆಸಬಹುದು. ಒಂದೇ ಫಂಡ್‌ನ ಎರಡು ಪ್ಲಾನ್‌ಗಳಲ್ಲಿ ಮಾತ್ರ ಉಳಿದೆಲ್ಲ ಸಮ.

ನಾನು ಬದಲಾಯಿಸೋಕೆ ಹೊರಟಾಗ ಸಿಕ್ಕಿಬಿದ್ದದ್ದು ಟ್ಯಾಕ್ಸ್‌ನಲ್ಲಿ. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಸ್ವಿಚ್ ಅಂದ್ರೆ ಕಾನೂನಿನ ಕಣ್ಣಲ್ಲಿ ಮಾರಿ ಮತ್ತೆ ಕೊಂಡಂತೆ. ಈಕ್ವಿಟಿ ಫಂಡ್‌ನಲ್ಲಿ ಒಂದು ವರ್ಷ ದಾಟಿದ ಯೂನಿಟ್‌ಗಳ ಲಾಭಕ್ಕೆ, ವರ್ಷಕ್ಕೆ 1.25 ಲಕ್ಷ ಮೀರಿದ ಭಾಗದ ಮೇಲೆ 12.5% ತೆರಿಗೆ. ವರ್ಷ ಆಗದ ಯೂನಿಟ್‌ಗಳಿಗೆ 20%, ಜೊತೆಗೆ ಸಾಮಾನ್ಯವಾಗಿ 1% ಎಕ್ಸಿಟ್ ಲೋಡ್. ನನ್ನದರಲ್ಲಿ ಹಾಕಿದ್ದು 4.2 ಲಕ್ಷ, ಲಾಭ ಸುಮಾರು 1.8 ಲಕ್ಷ. ಒಂದೇ ಸಲ ಎಲ್ಲ ಮಾಡಿದ್ದರೆ ಏಳು ಸಾವಿರದ ಆಸುಪಾಸು ತೆರಿಗೆ ಬರ್ತಿತ್ತು. ಹಾಗೆ ಮಾಡಿದ್ದರೂ ನಷ್ಟವೇನಿಲ್ಲ, ಯಾಕಂದ್ರೆ ಆರು ಲಕ್ಷಕ್ಕೆ ಒಂದು ಪರ್ಸೆಂಟ್ ಅಂದ್ರೆ ವರ್ಷಕ್ಕೆ ಆರು ಸಾವಿರ, ಒಂದು ವರ್ಷ ಚಿಲ್ಲರೆಯಲ್ಲಿ ವಾಪಸ್. ಆದರೆ ಮಾರ್ಚ್ ಹತ್ತಿರ ಇತ್ತು. ವರ್ಷ ದಾಟಿದ ಹಳೆಯ ಯೂನಿಟ್‌ಗಳಲ್ಲಿ ಲಾಭ 1.1 ಲಕ್ಷದೊಳಗೆ ಬರುವಷ್ಟನ್ನು ಮಾರ್ಚ್‌ನಲ್ಲಿ ಸ್ವಿಚ್ ಮಾಡಿದೆ, ಉಳಿದದ್ದನ್ನು ಏಪ್ರಿಲ್‌ನಲ್ಲಿ. ಹಣಕಾಸು ವರ್ಷ ಬದಲಾದ್ದರಿಂದ ಎರಡೂ ಸಲ ವಿನಾಯಿತಿಯೊಳಗೇ ಬಂತು, ತೆರಿಗೆ ಸೊನ್ನೆ. ಸೊನ್ನೆ ಆದರೂ ರಿಟರ್ನ್‌ನಲ್ಲಿ ತೋರಿಸಬೇಕು, ಅದನ್ನು ಮರೆಯಬೇಡಿ. ಹಳೆಯ ಯೂನಿಟ್‌ಗಳೇ ಮೊದಲು ಹೋಗ್ತವೆ, ಲಾಭ ಹೆಚ್ಚಿರೋದೂ ಅವುಗಳಲ್ಲೇ, ಹಾಗಾಗಿ ಅರ್ಧ ಮೊತ್ತ ಅಂದ್ರೆ ಅರ್ಧ ಲಾಭ ಅಂತ ಲೆಕ್ಕ ಹಾಕಬೇಡಿ. ತೆರಿಗೆ ಉಳಿಸುವ ಇಎಲ್ಎಸ್ಎಸ್ ಆದರೆ ಪ್ರತಿ ಕಂತಿಗೂ ಮೂರು ವರ್ಷ ತುಂಬಬೇಕು.

ಆ ಆರು ಲಕ್ಷ ಇನ್ನು 23 ವರ್ಷ ಹಾಗೇ ಇದ್ದರೆ 10%ರಲ್ಲಿ 53.7 ಲಕ್ಷ, 11%ರಲ್ಲಿ 66.2 ಲಕ್ಷ. ಎರಡು ಸಂಜೆ ಕೂತು ಮಾಡಿದ ಕೆಲಸಕ್ಕೆ ಹನ್ನೆರಡೂವರೆ ಲಕ್ಷ. ಯಾವ ಅಪ್ರೈಸಲ್‌ನಲ್ಲೂ ನನಗೆ ಗಂಟೆಗೆ ಇಷ್ಟು ಸಿಕ್ಕಿಲ್ಲ.

ಒಂದು ತಪ್ಪು ಮಾತ್ರ ಮಾಡಿದೆ. ಯೂನಿಟ್‌ಗಳನ್ನು ಸ್ವಿಚ್ ಮಾಡಿದ್ರೆ ಎಸ್ಐಪಿಯೂ ಬದಲಾಗುತ್ತೆ ಅಂದ್ಕೊಂಡಿದ್ದೆ. ಇಲ್ಲ. ಹಳೆಯ ಎಸ್ಐಪಿ ತನ್ನ ಪಾಡಿಗೆ ಇನ್ನೆರಡು ತಿಂಗಳು ರೆಗ್ಯುಲರ್‌ಗೇ ಹೋಯ್ತು. ಅದನ್ನು ಬೇರೆಯಾಗಿ ರದ್ದು ಮಾಡಿ, ಡೈರೆಕ್ಟ್‌ನಲ್ಲಿ ಹೊಸದಾಗಿ ಶುರು ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಅಮ್ಮನ ವಿಷಯ ಹೇಳಲೇಬೇಕು. ಅಮ್ಮನದ್ದು ರೆಗ್ಯುಲರ್ ಪ್ಲಾನ್, ನಾನು ಅದನ್ನು ಮುಟ್ಟಿಲ್ಲ. ಊರಿನ ಏಜೆಂಟ್ ಅಂಕಲ್ ಮಾಡಿಸಿಕೊಟ್ಟಿದ್ದು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇಕಡಾ 13ರಷ್ಟು ಬಿದ್ದಾಗ ಅಮ್ಮ ಎಲ್ಲ ತೆಗೆದುಬಿಡ್ತೀನಿ ಅಂತ ಹಟ ಹಿಡಿದಿದ್ದರು. ನನ್ನ ಮಾತು ಕೇಳಲಿಲ್ಲ. ಲಾಕ್‌ಡೌನ್‌ನಲ್ಲೂ ಅಂಕಲ್ ಫೋನ್ ಮಾಡಿ ಅರ್ಧ ಗಂಟೆ ಮಾತಾಡಿ ತಡೆದರು. ಆವತ್ತು ಮಾರಿದ್ದಿದ್ದರೆ ಹೋಗುತ್ತಿದ್ದ ಹಣದ ಮುಂದೆ ಎಷ್ಟೋ ವರ್ಷದ ಒಂದು ಪರ್ಸೆಂಟ್ ಸಣ್ಣದು. ಆಮೇಲೆ ಅಪ್ಪ ತೀರಿಕೊಂಡಾಗ ಅವರ ಹೆಸರಲ್ಲಿದ್ದ ಯೂನಿಟ್‌ಗಳನ್ನು ಅಮ್ಮನ ಹೆಸರಿಗೆ ಮಾಡಿಸೋಕೆ ಮೂರು ಸಲ ಮನೆಗೆ ಬಂದರು. ಅವರಿಗೆ ಸಿಗೋದು ಅಮ್ಮನ ಎಂಟು ಲಕ್ಷಕ್ಕೆ ವರ್ಷಕ್ಕೆ ಎಂಟು ಸಾವಿರದೊಳಗೆ. ಅದು ಸಂಬಳ, ಅವರು ಕೆಲಸ ಮಾಡಿದ್ದಾರೆ. ನನಗೆ ಒಟಿಪಿ ಹಾಕಿಸಿಕೊಂಡು ಹೋದವರ ಮುಖ ಆಮೇಲೆ ನಾನು ನೋಡಿಲ್ಲ. ಆದರೆ ಕಮಿಷನ್ ಏಳು ವರ್ಷ ಹೋಯ್ತು.

ಈ ಕಮಿಷನ್ ಎಷ್ಟು ಅಂತ ತಿಳಿಯೋಕೂ ದಾರಿ ಇದೆ. ಆರು ತಿಂಗಳಿಗೊಮ್ಮೆ ಈಮೇಲ್‌ಗೆ ಬರುವ ಕನ್ಸಾಲಿಡೇಟೆಡ್ ಸ್ಟೇಟ್‌ಮೆಂಟ್‌ನಲ್ಲಿ, ಏಜೆಂಟ್‌ಗೆ ನಿಮ್ಮ ಹಣದಿಂದ ಎಷ್ಟು ಹೋಗಿದೆ ಅಂತ ರೂಪಾಯಿಯಲ್ಲೇ ಇರುತ್ತೆ. ಪಾಸ್‌ವರ್ಡ್ ಇರುವ ಪಿಡಿಎಫ್ ಅಂತ ನಾವು ತೆರೆಯಲ್ಲ. ಅದರಲ್ಲೇ ಫಂಡ್ ಹೆಸರಿನ ಹತ್ತಿರ ARN ಅಂತ ಶುರುವಾಗುವ ಸಂಖ್ಯೆ ಇದ್ದರೆ ಮಧ್ಯೆ ಯಾರೋ ಇದ್ದಾರೆ ಅಂತ ಅರ್ಥ, ಡೈರೆಕ್ಟ್ ಆದರೆ ಆ ಜಾಗದಲ್ಲಿ DIRECT ಅಂತಿರುತ್ತೆ. ಆ್ಯಪ್ ಪುಕ್ಕಟೆ ಅನ್ನೋದನ್ನು ನಂಬಿ ಕೂರಬೇಡಿ, ಹೆಸರನ್ನು ಕೊನೆಯವರೆಗೂ ಓದಿ.

ಕಳೆದ ವಾರ ಭಾವ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಹನ್ನೊಂದು ವರ್ಷದ ಎಸ್ಐಪಿ, ಹೆಸರಿನ ಕೊನೆಯಲ್ಲಿ Regular. ಲಾಭವೇ ನಾಲ್ಕೂವರೆ ಲಕ್ಷ ದಾಟಿದೆ, ಎರಡು ಕಂತಲ್ಲಿ ಮುಗಿಯಲ್ಲ. "ಎಷ್ಟು ಮಾರ್ಚ್ ಬೇಕಾಗುತ್ತೆ ನೋಡಪ್ಪಾ" ಅಂತ ಬರೆದಿದ್ದರು. ನಾಲ್ಕು ಅಂತ ಉತ್ತರ ಕೊಟ್ಟೆ, ಎಸ್ಐಪಿಯನ್ನು ಮಾತ್ರ ಇವತ್ತೇ ಬದಲಾಯಿಸಿ ಅಂತಲೂ ಸೇರಿಸಿದೆ.